ಹಬ್ಬದ ಮೆಹಂದಿ: ಸ್ಲಾಟ್ ಹಂಚುವಾಗ ನಾನು ನೋಡುವ ಬಣ್ಣದ ಲೆಕ್ಕ

ಈ ಹಬ್ಬದ ಸಾಲಿಗೆ ಮೆಹಂದಿ ಬುಕಿಂಗ್ ಶುರು ಮಾಡಿದ್ದೇನೆ. ಪ್ರತಿ ಸಲವೂ ಮೊದಲು ಬರುವ ಪ್ರಶ್ನೆ ಒಂದೇ: "ಅಕ್ಕಾ, ಹಬ್ಬದ ಹಿಂದಿನ ದಿನ ಸಂಜೆ ಆರು ಗಂಟೆಗೆ ಬರಲಾ?" ಎಲ್ಲರಿಗೂ ಬೇಕಾದದ್ದು ಅದೇ ಹೊತ್ತು. ಉಳಿದ ದಿನಗಳು ಖಾಲಿ ಇದ್ದರೂ ಆ ಸಂಜೆಗಾಗಿ ಮಾತ್ರ ಪೈಪೋಟಿ. ಆದರೆ ಬಣ್ಣದ ದೃಷ್ಟಿಯಿಂದ ನೋಡಿದರೆ ಇಡೀ ವಾರದಲ್ಲಿ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಯಾಕೆ ಹಾಗೆ, ನಾನು ಸ್ಲಾಟ್‌ಗಳನ್ನು ಯಾವ ಲೆಕ್ಕದಲ್ಲಿ ಹಂಚುತ್ತೇನೆ, ಕಳಿಸುವ ಮಾದರಿ ಡಿಸೈನ್‌ಗಳನ್ನು ಹೇಗೆ ನೋಡಬೇಕು ಎಂಬುದನ್ನು ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ಬುಕ್ ಮಾಡುವ ಮೊದಲು ಇದನ್ನು ಓದಿದರೆ ನಿಮ್ಮ ಕೈಗೆ ಒಳ್ಳೆಯದು.

ಮೆಹಂದಿ ಹಚ್ಚಿದ ತಕ್ಷಣ ಬಣ್ಣ ಮುಗಿದ ಕೆಲಸವಾಗುವುದಿಲ್ಲ. ಒಣಗಿದ ಪೇಸ್ಟ್ ಉದುರಿಸಿದಾಗ ಕೈಯಲ್ಲಿ ಕಾಣುವುದು ತಿಳಿ ಕೇಸರಿ. ಎಷ್ಟೋ ಜನ ಅದನ್ನು ನೋಡಿಯೇ "ಈ ಸಲ ಬಣ್ಣ ಹಿಡಿಯಲೇ ಇಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಪೇಸ್ಟ್ ಕೈಮೇಲೆ ಇರುವಷ್ಟು ಹೊತ್ತು ಚರ್ಮದ ಹೊರಪದರಕ್ಕೆ ಇಳಿದು, ಅಲ್ಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಳಿ ತಾಗುತ್ತಾ ತಾಗುತ್ತಾ ಕೇಸರಿ ಇಟ್ಟಿಗೆ ಬಣ್ಣಕ್ಕೆ, ಇಟ್ಟಿಗೆ ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಇದಕ್ಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಬೇಕು. ಹಿಂದಿನ ದಿನ ಸಂಜೆ ಆರಕ್ಕೆ ಹಚ್ಚಿ, ರಾತ್ರಿ ಹನ್ನೆರಡಕ್ಕೆ ಉದುರಿಸಿದವರಿಗೆ ಹಬ್ಬದ ಬೆಳಿಗ್ಗೆ ಎಂಟಕ್ಕೆ ಫೋಟೊ ತೆಗೆಯುವಾಗ ಕೈಯಲ್ಲಿರುವುದು ಎಂಟು ಗಂಟೆ ವಯಸ್ಸಿನ ಬಣ್ಣ. ಅದು ಕೇಸರಿಯೇ ಇರುತ್ತದೆ. ನಿಜವಾದ ಕೆಂಪು ಬರುವುದು ನೆಂಟರೆಲ್ಲ ಊರಿಗೆ ಹೋದ ಮೇಲೆ.

ಹಾಗಾಗಿ ನನ್ನ ಮಟ್ಟಿಗೆ ಒಳ್ಳೆಯ ಸ್ಲಾಟ್ ಎಂದರೆ ಹಬ್ಬಕ್ಕೆ ಎರಡು ದಿನ ಮೊದಲಿನ ಸಂಜೆ. ರಾತ್ರಿ ಇಡೀ ಪೇಸ್ಟ್ ಕೈಮೇಲಿರುತ್ತದೆ, ಮರುದಿನ ಪೂರ್ತಿ ಬಣ್ಣ ಏರುತ್ತದೆ, ಅದರ ಮರುದಿನ ಹಬ್ಬ. ಗೌರಿ ಹಬ್ಬ, ದೀಪಾವಳಿಯಂಥವಕ್ಕೆ ತಾರೀಖು ಕ್ಯಾಲೆಂಡರಿನಲ್ಲೇ ಇರುವುದರಿಂದ ಈ ಲೆಕ್ಕ ಸುಲಭ. ಹಬ್ಬದ ಹಿಂದಿನ ದಿನ ಮನೆಯಲ್ಲಿ ತೊಳೆಯುವ, ಬಳಿಯುವ, ರುಬ್ಬುವ ಕೆಲಸ ಇದ್ದೇ ಇರುತ್ತದೆ. ಅಷ್ಟರೊಳಗೆ ಬಣ್ಣ ಕೂತಿದ್ದರೆ ನೀರು ತಾಗಿದರೂ ಹೆಚ್ಚು ನಷ್ಟವಿಲ್ಲ. ಹಿಂದಿನ ದಿನವೇ ಹಚ್ಚಿಸಿಕೊಂಡರೆ ಒಂದೋ ಕೆಲಸ ನಿಲ್ಲಬೇಕು, ಇಲ್ಲವೇ ಅರೆ ಒಣಗಿದ ಪೇಸ್ಟ್ ತೊಳೆದುಕೊಳ್ಳಬೇಕು. ಮನೆಯಲ್ಲಿ ಕೆಲಸ ಮಾಡುವ ಹೆಂಗಸರೇ ಹೆಚ್ಚಾಗಿ ಎರಡನೆಯದನ್ನು ಮಾಡುತ್ತಾರೆ. ಅದನ್ನು ನೋಡುವುದು ನನಗೆ ಕಷ್ಟ.

ಈದ್‌ಗೆ ಮಾತ್ರ ತಾರೀಖು ಮೊದಲೇ ಗೊತ್ತಾಗುವುದಿಲ್ಲ. ರಂಜಾನ್ ತಿಂಗಳ 29ನೇ ಉಪವಾಸದ ಸಂಜೆ ಚಂದ್ರ ಕಂಡರೆ ಮರುದಿನ ಈದ್, ಕಾಣದಿದ್ದರೆ ಇನ್ನೊಂದು ಉಪವಾಸ ಮುಗಿಸಿ ಈದ್. ಚಾಂದ್ ರಾತ್‌ನಲ್ಲಿ ಮೆಹಂದಿ ಹಚ್ಚಿಸಿಕೊಳ್ಳುವ ಖುಷಿಯೇ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈದ್ ನಮಾಜಿನ ಹೊತ್ತಿಗೆ ಕೈ ಗಾಢ ಕೆಂಪಾಗಿರಬೇಕು ಎನ್ನುವವರಿಗೆ ನಾನು ಹೇಳುವುದು 28ನೇ ಉಪವಾಸದ ರಾತ್ರಿ. ಲೆಕ್ಕ ಹಾಕಿ ನೋಡಿ. ಆ ದಿನ ಇಫ್ತಾರ್ ಮುಗಿಸಿ ರಾತ್ರಿ ಎಂಟೂವರೆಗೆ ಕೂತರೆ, ಚಂದ್ರ ಬೇಗ ಕಂಡರೂ ಈದ್ ಬೆಳಿಗ್ಗೆ ಎಂಟೂವರೆಗೆ 36 ಗಂಟೆ ಆಗಿರುತ್ತದೆ. ಒಂದು ದಿನ ತಡವಾದರೆ 60 ಗಂಟೆ. 36 ಗಂಟೆಗೆ ಬಣ್ಣ ಹೆಚ್ಚುಕಡಿಮೆ ತುಂಬಿರುತ್ತದೆ, 60 ಗಂಟೆಗೆ ಇನ್ನೂ ಇಳಿಯಲು ಶುರುವಾಗಿರುವುದಿಲ್ಲ. ಚಂದ್ರ ಯಾವಾಗ ಕಂಡರೂ ಈ ಒಂದು ಸ್ಲಾಟ್ ಕೈ ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೋಡಿಕೊಳ್ಳಬೇಕು. ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವ ವುಜೂ ಮಾಡುವಾಗ ನೀರು ಚರ್ಮಕ್ಕೆ ತಾಗಬೇಕು. ಮೆಹಂದಿಯ ಬಣ್ಣ ಅದಕ್ಕೆ ಅಡ್ಡಿಯಲ್ಲ, ಒಣಗಿದ ಪೇಸ್ಟ್ ಅಡ್ಡಿ. ಆದ್ದರಿಂದ ರಾತ್ರಿಯ ನಮಾಜ್ ಮುಗಿಸಿ ಬರುವವರಿಗೆ ತಡವಾದ ಸ್ಲಾಟ್ ಇಟ್ಟಿದ್ದೇನೆ. ಒಂಬತ್ತೂವರೆಗೆ ಹಚ್ಚಿದರೂ ಬೆಳಗಾಗುವ ಮೊದಲಿನ ಸೆಹ್ರಿ ಊಟಕ್ಕೆ ಏಳುವ ಹೊತ್ತಿಗೆ ಆರೇಳು ಗಂಟೆ ಸಿಗುತ್ತದೆ, ಅಷ್ಟು ಧಾರಾಳ ಸಾಕು. ನೀರು ತಾಗಿಸದೆ ಪೇಸ್ಟನ್ನು ಕೆರೆದು ಉದುರಿಸಿ, ಕೈಗೆ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ, ಆಮೇಲೆ ವುಜೂ ಮಾಡಿ. ಸೋಪು ಮಾತ್ರ ಅವತ್ತು ಸಂಜೆಯವರೆಗೆ ಬೇಡ.

ಸ್ಲಾಟ್ ಕೊಡುವಾಗ ಕೆಲಸ ಏನು ಎಂದು ನಾನು ಕೇಳುವುದಕ್ಕೂ ಕಾರಣವಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ದಿನಕ್ಕೆ ಹತ್ತಾರು ಸಲ ಸ್ಯಾನಿಟೈಸರ್ ಹಚ್ಚುವವರು, ಪಾತ್ರೆ ಪುಡಿಯಲ್ಲಿ ಕೈ ಇಡುವವರು, ಈಜುಕೊಳಕ್ಕೆ ಇಳಿಯುವವರು ಇವರ ಕೈಯ ಹೊರಪದರ ಬೇಗ ಸವೆಯುತ್ತದೆ. ಬಣ್ಣ ಹಿಡಿದಿರುವುದು ಆ ಪದರದಲ್ಲೇ ಆದ್ದರಿಂದ ಅದರ ಜೊತೆಗೇ ಡಿಸೈನ್ ಹೋಗುತ್ತದೆ. ಇಂಥವರಿಗೆ ಮೂರು ದಿನ ಮೊದಲಿನ ಸ್ಲಾಟ್ ಕೊಟ್ಟರೆ ಹಬ್ಬದ ದಿನ ಅಂಗೈಯಲ್ಲಿ ಅಲ್ಲಲ್ಲಿ ಮಾಸಲು ಕಾಣುತ್ತದೆ. ಅವರನ್ನು ಹಬ್ಬಕ್ಕೆ ಹತ್ತಿರ, 36 ಗಂಟೆಯ ಅಂತರದಲ್ಲಿ ಕೂರಿಸುತ್ತೇನೆ. ಮನೆಯಲ್ಲೇ ಇರುವ ಅಜ್ಜಿಗೆ, ಕಾಲೇಜಿಗೆ ಹೋಗುವ ಹುಡುಗಿಗೆ ಮೂರು ದಿನ ಮೊದಲಾದರೂ ತೊಂದರೆ ಇಲ್ಲ. ವ್ಯಾಕ್ಸಿಂಗ್, ಮೆನಿಕ್ಯೂರ್, ಸ್ಕ್ರಬ್ ಎಲ್ಲ ಮೆಹಂದಿಗೆ ಮೊದಲೇ ಮುಗಿಯಲಿ. ಆಮೇಲೆ ಮಾಡಿಸಿದರೆ ಬಣ್ಣವನ್ನೇ ಉಜ್ಜಿ ತೆಗೆದಂತೆ.

ನನ್ನ ಕಡೆಯ ತಯಾರಿಯೂ ಹಬ್ಬದಿಂದ ಹಿಂದಕ್ಕೆ ಎಣಿಸಿಯೇ ಆಗುವುದು. ಬುಕಿಂಗ್ ಬೇಗ ಮಾಡಿ ಎಂದು ಒತ್ತಾಯಿಸುವುದು ಇದಕ್ಕೇ. ಪುಡಿಗೆ ನೀರು ಹಾಕಿದ ಕೂಡಲೇ ಕೋನ್ ಆಗುವುದಿಲ್ಲ. ಒಣ ಪುಡಿಯಲ್ಲಿ ಲಾಸೋನ್ ಬಿಡಿಯಾಗಿರುವುದಿಲ್ಲ, ಸಕ್ಕರೆಯಂಥ ಅಂಶದ ಜೊತೆ ಕಟ್ಟಿಕೊಂಡಿರುತ್ತದೆ. ನೀರು ಸೇರಿ, ಸ್ವಲ್ಪ ಹುಳಿ ಇದ್ದು, ಬೆಚ್ಚಗಿದ್ದಾಗ ಅದು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ನಾನು ರಾಜಸ್ಥಾನದ ಸೋಜತ್ ಕಡೆಯ ಪುಡಿ ತರಿಸುತ್ತೇನೆ. 100 ಗ್ರಾಂ ಪುಡಿಯನ್ನು ನೈಲಾನ್ ಬಟ್ಟೆಯಲ್ಲಿ ಜರಡಿ ಹಿಡಿದು, ಸುಮಾರು 30 ಗ್ರಾಂ ಸಕ್ಕರೆ, 25ರಿಂದ 30 ಎಂ.ಎಲ್. ನೀಲಗಿರಿ ಅಥವಾ ಲ್ಯಾವೆಂಡರ್ ಎಣ್ಣೆ, ಉಳಿದಂತೆ ನೀರು ಅಥವಾ ನಿಂಬೆರಸ ಸೇರಿಸುತ್ತಾ ಹೋಗುತ್ತೇನೆ. ದ್ರವ ಒಟ್ಟು 250ರಿಂದ 300 ಎಂ.ಎಲ್. ಹಿಡಿಯುತ್ತದೆ. ಪುಡಿಯ ಪ್ರತಿ ಫಸಲಿಗೂ ಇದು ಸ್ವಲ್ಪ ಬದಲಾಗುವುದರಿಂದ ಅಳತೆಗಿಂತ ಕೈಯ ಅಂದಾಜೇ ಮುಖ್ಯ. ಒಂದೇ ಸಲಕ್ಕೆ ಎಲ್ಲಾ ದ್ರವ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಕೋನಿನ ತುದಿಯಲ್ಲಿ ಸಿಕ್ಕಿಕೊಂಡು ಗೆರೆ ಕಡಿಯುತ್ತದೆ. ಸಕ್ಕರೆ ಇರುವುದು ಪೇಸ್ಟ್ ಒಣಗಿ ಪುಡಿಯಾಗಿ ಬೀಳದಿರಲಿ ಎಂದು, ಎಣ್ಣೆ ಇರುವುದು ಬಣ್ಣ ಗಾಢವಾಗಲಿ ಎಂದು.

ಮುಚ್ಚಿಟ್ಟ ಪೇಸ್ಟ್ ಸೆಕೆಗಾಲದಲ್ಲಿ ಎಂಟು ಹತ್ತು ಗಂಟೆಯಲ್ಲಿ ತಯಾರಾಗುತ್ತದೆ, ಮಳೆ, ಚಳಿಯಲ್ಲಿ ಒಂದು ದಿನವೇ ಹಿಡಿಯಬಹುದು. ಗಡಿಯಾರ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ, ಚಮಚದಲ್ಲಿ ಸರಿಸಿದರೆ ಒಳಗೆ ಹಸಿರು ಕಾಣಬೇಕು. ಆಮೇಲೆ ಅಂಗೈಗೆ ಒಂದು ಬೊಟ್ಟು ಇಟ್ಟು ಐದು ನಿಮಿಷ ಬಿಟ್ಟು ಒರೆಸುತ್ತೇನೆ. ಒರೆಸಿದ ಕಡೆ ಎದ್ದು ಕಾಣುವ ಕೇಸರಿ ಚುಕ್ಕೆ ಉಳಿದರೆ ಪೇಸ್ಟ್ ಸಿದ್ಧ. ಹಳದಿ ಛಾಯೆ ಮಾತ್ರ ಉಳಿದರೆ ಇನ್ನೂ ಕಾಯಬೇಕು, ಅಥವಾ ಪುಡಿಯೇ ಹಳತು. ಸಿದ್ಧವಾದ ಪೇಸ್ಟನ್ನು ಹೊರಗೆ ಇಟ್ಟರೆ ಎರಡು ಮೂರು ದಿನದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಕೋನ್ ಕಟ್ಟಿ ತಕ್ಷಣ ಫ್ರೀಜರಿನಲ್ಲಿ ಇಡುತ್ತೇನೆ, ಅಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. 100 ಗ್ರಾಂ ಪುಡಿಯಿಂದ 25 ಗ್ರಾಮಿನ ಕೋನ್ ಹದಿನಾಲ್ಕು ಹದಿನೈದು ಬರುತ್ತವೆ. ಎಷ್ಟು ಜನ, ಯಾವ ಡಿಸೈನ್ ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಕಟ್ಟಬೇಕು ಎಂಬ ಲೆಕ್ಕ ಸಿಗುತ್ತದೆ. ಕೊನೇ ಗಳಿಗೆಯಲ್ಲಿ ನಾಲ್ಕು ಜನ ಹೆಚ್ಚಾದರೆ ಅಂಗಡಿಯ ಕೋನ್ ತಂದು ಹಚ್ಚುವವಳಲ್ಲ ನಾನು.

ಅಂಗಡಿಯ ಕೋನ್ ಎಂದಾಗ ಹೇಳಿಬಿಡುತ್ತೇನೆ. "ಹತ್ತೇ ನಿಮಿಷದಲ್ಲಿ ಕಪ್ಪು ಬಣ್ಣ" ಬರುವ ಕೋನ್ ಹಚ್ಚಿ ಎಂದು ಹಬ್ಬದ ಹಿಂದಿನ ರಾತ್ರಿ ಕೇಳುವವರು ಇದ್ದೇ ಇದ್ದಾರೆ. ಬರೀ ಎಲೆಯ ಮೆಹಂದಿ ಹತ್ತು ನಿಮಿಷದಲ್ಲಿ ಅಷ್ಟು ಗಾಢವಾಗಲು ಸಾಧ್ಯವೇ ಇಲ್ಲ, ಅದರಲ್ಲಿ ಬೇರೆ ಬಣ್ಣ ಬೆರೆಸಿರಲೇಬೇಕು. ಕಪ್ಪು ಮೆಹಂದಿ ಎಂದು ಮಾರುವುದರಲ್ಲಿ ಹಲವು ಸಲ ಇರುವುದು ಪಿಪಿಡಿ, ಅಂದರೆ ಕೂದಲಿನ ಡೈಗೆ ಹಾಕುವ ರಾಸಾಯನಿಕ. ಅದು ಚರ್ಮಕ್ಕೆ ಹಿಡಿಸದಿದ್ದರೆ ಡಿಸೈನ್ ಇದ್ದ ಆಕಾರದಲ್ಲೇ ಬೊಬ್ಬೆ ಏಳುತ್ತದೆ. ಅದೂ ಹಚ್ಚಿದ ಕೂಡಲೇ ಅಲ್ಲ, ಕೆಲವೊಮ್ಮೆ ದಿನಗಳ ಮೇಲೆ. ಒಮ್ಮೆ ಅಲರ್ಜಿ ಶುರುವಾದರೆ ಜೀವನಪೂರ್ತಿ ಉಳಿದು, ಮುಂದೆ ಕೂದಲಿಗೆ ಡೈ ಹಚ್ಚಿದಾಗಲೂ ಮುಖ ಊದಿಕೊಳ್ಳಬಹುದು. ಕೊಳ್ಳುವಾಗ ಗುರುತಿಸಲು ಒಂದು ದಾರಿ ಇದೆ. ಒಳ್ಳೆಯ ಪೇಸ್ಟ್ ಹಸಿರು ಕಂದು ಇರುತ್ತದೆ, ಎಲೆಯ ವಾಸನೆ ಬರುತ್ತದೆ, ಬೇಗ ಕೆಡುವುದರಿಂದ ಅದನ್ನು ತಂಪಿನಲ್ಲಿಟ್ಟೇ ಮಾರಬೇಕು. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ, ಒಳಗೆ ಏನಿದೆ ಎಂದು ಬರೆದೇ ಇಲ್ಲದ ಕೋನನ್ನು ನಂಬಬೇಡಿ. ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗಂತೂ ಶುದ್ಧ ಮೆಹಂದಿಯೂ ಬೇಡ, ಅದು ರಕ್ತಕಣಗಳಿಗೆ ಹಾನಿ ಮಾಡಬಲ್ಲದು. ಎಳೆಯ ಕೂಸುಗಳಿಗೆ ನಾನು ಹಚ್ಚುವುದೇ ಇಲ್ಲ.

ಇನ್ನು ಡಿಸೈನ್. ಮಾದರಿ ಕೇಳಿದವರಿಗೆ ನಾನು ಒಂದೇ ಕೈಯ ಎರಡು ಫೋಟೊ ಕಳಿಸುತ್ತೇನೆ. ಒಂದು ಹಸಿ ಪೇಸ್ಟ್ ಇರುವಾಗಿನದು, ಇನ್ನೊಂದು ಎರಡು ದಿನ ಕಳೆದ ಮೇಲಿನದು. ಹಸಿ ಪೇಸ್ಟ್ ಹೊಳೆಯುತ್ತದೆ, ಉಬ್ಬಿರುತ್ತದೆ, ಗೆರೆಗೂ ಚರ್ಮಕ್ಕೂ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ. ಹಾಗಾಗಿ ಯಾವ ಡಿಸೈನ್ ಆದರೂ ಆ ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಬ್ಬದ ದಿನ ನಿಮ್ಮ ಕೈಯಲ್ಲಿ ಇರುವುದು ಎರಡನೇ ಫೋಟೊ. ಕೂದಲೆಳೆಯಷ್ಟು ಸಣ್ಣ ಜಾಲಿ ತುಂಬಿದ ಡಿಸೈನ್ ಹಸಿಯಾಗಿದ್ದಾಗ ಅದ್ಭುತ, ಎರಡು ದಿನದ ಮೇಲೆ ಅಂಗೈಯಲ್ಲಿ ಗೆರೆಗಳು ಒಂದಕ್ಕೊಂದು ಹರಡಿ ಬರೀ ಕೆಂಪು ಮಚ್ಚೆಯಂತೆ ಕಾಣಬಹುದು. ಜಾಲಿಯ ಚೌಕಗಳ ನಡುವೆ ಚರ್ಮದ ಬಣ್ಣ ಉಳಿಯುವಷ್ಟು ಜಾಗ ಬಿಟ್ಟಿದ್ದರೆ ಮಾತ್ರ ಅದು ಜಾಲಿಯಾಗಿ ನಿಲ್ಲುತ್ತದೆ. ಯಾರ ಹತ್ತಿರ ಹಚ್ಚಿಸಿಕೊಂಡರೂ ಎರಡನೇ ದಿನದ ಫೋಟೊ ತೋರಿಸಿ ಎಂದು ಕೇಳಿ.

ಡಿಸೈನ್ ಆರಿಸುವಾಗ ಕೈಯ ಯಾವ ಬದಿ ಎಂಬುದೂ ಮುಖ್ಯ. ಅಂಗೈ ಮತ್ತು ಬೆರಳ ತುದಿಯ ಚರ್ಮ ದಪ್ಪ, ಅಲ್ಲಿ ಬಣ್ಣ ಅತಿ ಗಾಢ. ಕೈಯ ಹಿಂಬದಿಯಲ್ಲಿ ಒಂದು ಹಂತ ತಿಳಿ, ಮಣಿಕಟ್ಟಿನಿಂದ ಮೇಲೆ ಹೋದಂತೆ ಇನ್ನೂ ತಿಳಿ. ಅರೇಬಿಕ್ ಬಳ್ಳಿ ಕೈಯ ಹಿಂಬದಿಗೆ ಹೇಳಿ ಮಾಡಿಸಿದ ಡಿಸೈನ್. ಮಣಿಕಟ್ಟಿನ ಒಂದು ಮೂಲೆಯಿಂದ ತೋರುಬೆರಳಿಗೆ ಓರೆಯಾಗಿ ಹರಿಯುವ ದೊಡ್ಡ ಹೂವು, ಎಲೆ, ದಪ್ಪ ಹೊರಗೆರೆ, ಒಳಗೆ ತೆಳು ಶೇಡಿಂಗ್, ಸುತ್ತಲೂ ಖಾಲಿ ಚರ್ಮ. ಬಣ್ಣ ಸ್ವಲ್ಪ ತಿಳಿಯಾದರೂ ದಪ್ಪ ಗೆರೆಯಿಂದಾಗಿ ಆಕಾರ ಕಳೆದುಹೋಗುವುದಿಲ್ಲ. ಒಂದು ಬದಿಗೆ ಹತ್ತರಿಂದ ಹದಿನೈದು ನಿಮಿಷ ಸಾಕು. ಮಂಡಲ, ಅಂದರೆ ಅಂಗೈ ನಡುವೆ ದುಂಡು ಹೂವು, ಬೆರಳ ತುದಿಗೆ ಟೋಪಿ, ಅದಕ್ಕೂ ಅಷ್ಟೇ ಹೊತ್ತು ಅಥವಾ ಕಡಿಮೆ. ಹಳೆಯ ಕಾಲದ ಸರಳ ಡಿಸೈನ್ ಎಂದು ಇದನ್ನು ಬದಿಗೆ ಸರಿಸುವವರಿದ್ದಾರೆ. ನನಗೆ ಮಾತ್ರ ಗಾಢವಾಗಿ ಏರಿದ ಮಂಡಲದಷ್ಟು ಚಂದ ಇನ್ನೊಂದಿಲ್ಲ. ಬಣ್ಣ ಅತಿ ಚೆನ್ನಾಗಿ ಹಿಡಿಯುವ ಎರಡೂ ಜಾಗವನ್ನು ಅದು ತುಂಬಿಸುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಭರ್ತಿ ಡಿಸೈನ್‌ನಲ್ಲಿ ಮಾವಿನಕಾಯಿ, ಜಾಲಿ, ಬೂಟಿ, ಮಣಿಕಟ್ಟಿಗೆ ಬಳೆಯಂತೆ ಪಟ್ಟಿ ಎಲ್ಲ ಸೇರಿ ಜಾಗವೇ ಬಿಡದಂತೆ ತುಂಬಿಸುವುದು. ಮಣಿಕಟ್ಟಿನವರೆಗಿನ ಒಂದು ಅಂಗೈಗೆ 35ರಿಂದ 40 ನಿಮಿಷ ಬೇಕು. ಮೊಣಕೈವರೆಗೆ, ಎರಡೂ ಕೈ, ಎರಡೂ ಬದಿ ಎಂದರೆ ನಾಲ್ಕೈದು ಗಂಟೆಯ ಕೆಲಸ. ಅದು ಮದುವಣಗಿತ್ತಿಯ ಮೆಹಂದಿ, ಹಬ್ಬದ ವಾರದಲ್ಲಿ ಅದಕ್ಕೆ ಸ್ಲಾಟ್ ಇಡುವುದಿಲ್ಲ.

ಈ ನಿಮಿಷಗಳೇ ನಿಮ್ಮ ಸ್ಲಾಟಿನ ಉದ್ದ. "ನಾವು ಮೂರೇ ಜನ, ಒಂದು ಗಂಟೆ ಸಾಕಲ್ವಾ?" ಎಂದು ಕೇಳುವ ಮನೆಯ ಲೆಕ್ಕ ಹೀಗೆ ಬರುತ್ತದೆ. ತಾಯಿಗೆ ಎರಡೂ ಅಂಗೈಗೆ ಭರ್ತಿ, ಒಂದು ಗಂಟೆ ಇಪ್ಪತ್ತು ನಿಮಿಷ. ದೊಡ್ಡ ಮಗಳಿಗೆ ಎರಡೂ ಕೈಯ ಎರಡೂ ಬದಿ ಅರೇಬಿಕ್, ಐವತ್ತೈದು ನಿಮಿಷ. ಚಿಕ್ಕವಳಿಗೆ ಎರಡು ಮಂಡಲ, ಅವಳು ಅಲುಗಾಡುವುದನ್ನೂ ಸೇರಿಸಿ ಇಪ್ಪತ್ತು. ನಡುವೆ ಕೋನ್ ಬದಲಿಸುವುದು, ಬೆನ್ನು ನೆಟ್ಟಗೆ ಮಾಡುವುದು ಎಲ್ಲ ಸೇರಿ ಮೂರು ಗಂಟೆ. ಮನೆಗೆ ಬಂದು ಹಚ್ಚುವಾಗ ನಾನು ಕೂರಿಸುವ ಕ್ರಮವೂ ಇದೇ ರೀತಿ ಯೋಚಿಸಿದ್ದು. ಚಿಕ್ಕವಳು ಊಟ ಮುಗಿಸಿ ಮೊದಲು ಕೂರುತ್ತಾಳೆ, ನಿದ್ದೆ ಬರುವ ಹೊತ್ತಿಗೆ ಪೇಸ್ಟ್ ಒಣಗಿರುತ್ತದೆ. ಆಮೇಲೆ ದೊಡ್ಡವಳು. ತಾಯಿ ಕೊನೆಗೆ. ಅಷ್ಟು ಹೊತ್ತಿಗೆ ಅಡುಗೆಮನೆಯ ಕೆಲಸ ಮುಗಿದಿರುತ್ತದೆ, ನಡುವೆ ಯಾರೂ ಎಬ್ಬಿಸುವುದಿಲ್ಲ, ಹಚ್ಚಿಸಿಕೊಂಡು ನೇರ ಮಲಗಬಹುದು. ಮನೆಯಲ್ಲಿ ಎಲ್ಲರಿಗಿಂತ ಕೆಂಪು ಕೈ ಆ ತಾಯಿಯದಾಗಲಿ ಎಂಬುದು ನನ್ನ ಆಸೆ.

ಪೇಸ್ಟ್ ಮುಟ್ಟಿದರೆ ಅಂಟದ ಹಂತಕ್ಕೆ ಬಂದಾಗ ನಿಂಬೆರಸ, ಸಕ್ಕರೆ ಬೆರೆಸಿ ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒತ್ತುತ್ತೇನೆ. ಉದುರದೆ ಇರಲಿ ಎಂದಷ್ಟೇ. ತೊಟ್ಟಿಕ್ಕುವಷ್ಟು ಹಾಕಿದರೆ ಗೆರೆ ಕರಗಿ ಪಕ್ಕಕ್ಕೆ ಹರಿಯುತ್ತದೆ. ತವಾದ ಮೇಲೆ ಲವಂಗ ಹಾಕಿ ಆ ಹೊಗೆಗೆ ಕೈ ಹಿಡಿಯುವುದರಿಂದ ಆಗುವ ಲಾಭ ಮುಖ್ಯವಾಗಿ ಬಿಸಿಯದು. ಕೈ ಬೆಚ್ಚಗಿದ್ದಷ್ಟೂ ಬಣ್ಣ ಚೆನ್ನಾಗಿ ಏರುತ್ತದೆ. ತಣ್ಣನೆಯ ಕೈಯವರು ಹಚ್ಚಿಸಿಕೊಳ್ಳುವ ಮೊದಲು ಬಿಸಿ ಏನಾದರೂ ಕುಡಿದು ಬನ್ನಿ, ಫ್ಯಾನಿನ ಕೆಳಗೆ ಮಲಗಬೇಡಿ.

ಬುಕ್ ಮಾಡುವಾಗ ನನಗೆ ತಿಳಿಸಬೇಕಾದದ್ದು: ಎಷ್ಟು ಜನ, ಯಾರಿಗೆ ಯಾವ ಡಿಸೈನ್, ಅಂಗೈಯೋ ಹಿಂಬದಿಯೋ, ಕೈಗೆ ದಿನವೂ ನೀರು, ಸ್ಯಾನಿಟೈಸರ್ ತಾಗುವ ಕೆಲಸವೇ, ಈ ಹಿಂದೆ ಮೆಹಂದಿ ಅಥವಾ ಹೇರ್ ಡೈಯಿಂದ ತುರಿಕೆ ಬಂದಿತ್ತೇ. ಹಾಗೆ ಬಂದಿದ್ದರೆ ಒಂದು ವಾರ ಮೊದಲೇ ಬಂದು ಮೊಣಕೈ ಒಳಬದಿಗೆ ಒಂದು ಬೊಟ್ಟು ಇಡಿಸಿಕೊಂಡು ಹೋಗಿ. ಎರಡು ಮೂರು ದಿನದಲ್ಲಿ ಅಲ್ಲಿ ತುರಿಕೆ, ಗುಳ್ಳೆ ಕಂಡರೆ ಹಬ್ಬಕ್ಕೆ ಮೆಹಂದಿ ಬೇಡ. ಕಾಣದಿದ್ದರೂ ಹಚ್ಚಿದ ಮೇಲೆ ಕೈ ಉರಿಯಲು ಶುರುವಾದರೆ ತಕ್ಷಣ ತೊಳೆದುಬಿಡಿ, ಬಣ್ಣದ ಚಿಂತೆ ಬೇಡ.

ಹಬ್ಬದ ಹಿಂದಿನ ದಿನವೂ ಬಾಗಿಲು ಮುಚ್ಚಿರುವುದಿಲ್ಲ. ಊರಿಂದ ಅವತ್ತೇ ಬರುವವರು, ರಜೆ ಅವತ್ತೇ ಸಿಗುವವರು ಇದ್ದಾರೆ. ಅವರಿಗಾಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗಿನ ಹೊತ್ತು ಇಟ್ಟಿದ್ದೇನೆ. ಸಂಜೆ ಆರಕ್ಕೆ ಹಚ್ಚುವುದಕ್ಕಿಂತ ಬೆಳಿಗ್ಗೆ ಎಂಟಕ್ಕೆ ಹಚ್ಚಿದರೆ ಹತ್ತು ಗಂಟೆ ಹೆಚ್ಚು ಸಿಗುತ್ತದೆ, ಆ ಹತ್ತು ಗಂಟೆಯಲ್ಲಿ ಕೇಸರಿ ಇಟ್ಟಿಗೆ ಬಣ್ಣಕ್ಕಾದರೂ ಬರುತ್ತದೆ. ಆ ದಿನ ಅಂಗೈಗೆ ಮಾತ್ರ, ಮಂಡಲ ಅಥವಾ ದಪ್ಪ ಗೆರೆಯ ಬಳ್ಳಿ ಮಾತ್ರ. ಹಿಂಬದಿಗೆ, ತೆಳು ಜಾಲಿಗೆ ಅವತ್ತು ಒಪ್ಪುವುದಿಲ್ಲ, ಹಬ್ಬದ ಬೆಳಿಗ್ಗೆ ಅದು ಕಾಣುವುದೇ ಇಲ್ಲ. ಮಧ್ಯಾಹ್ನದ ಮೇಲೆ ಬರುವ ಮಕ್ಕಳಿಗೆ ಪುಟ್ಟ ಹೂವು, ಬೆರಳ ಟೋಪಿ ಹಚ್ಚುತ್ತೇನೆ, ಅದಕ್ಕೆ ಬುಕಿಂಗ್ ಬೇಡ.